ಹಲಸಿನಕಾಯಿ ಚಿಪ್ಸ್ ನಿಲ್ಲಿಸಿದ್ದೇವೆ: ನೀವು ಪದೇ ಪದೇ ಕೇಳುತ್ತಿರುವ ಪ್ರಶ್ನೆಗಳು

2025ರ ಮಳೆಗಾಲ ಶುರುವಾದಾಗಿನಿಂದ ಫೋನ್ ಮಾಡಿದವರು, ಅಂಗಡಿಗೆ ಬಂದವರು, ಬೆಂಗಳೂರಿನಿಂದ ಮೆಸೇಜ್ ಹಾಕಿದವರು ಎಲ್ಲರೂ ಒಂದೇ ಮಾತು ಕೇಳುತ್ತಿದ್ದೀರಿ. ಹಲಸಿನಕಾಯಿ ಚಿಪ್ಸ್ ಎಲ್ಲಿ ಹೋಯ್ತು ಅಂತ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಹೇಳಿ ಕಳಿಸುವುದು ನನಗೂ ಸರಿ ಅನ್ನಿಸಲಿಲ್ಲ. ಹನ್ನೊಂದು ವರ್ಷ ಮಾಡಿದ ತಿಂಡಿ ಅದು. ನಮ್ಮ ಅಡುಗೆಮನೆ ಹೆಸರು ಮಾಡಿದ್ದೇ ಅದರಿಂದ. ಹಾಗಾಗಿ ಕೂತು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಿಜವಾಗ್ಲೂ ನಿಲ್ಲಿಸಿದ್ರಾ, ಅಥವಾ ಈ ವರ್ಷಕ್ಕೆ ಮಾತ್ರವಾ?

ನಿಲ್ಲಿಸಿದ್ದೇವೆ. 2025ರ ಮೇ ತಿಂಗಳಲ್ಲಿ ಕರಿದದ್ದೇ ಕೊನೆಯದು. ಸ್ಟಾಕ್ ಒಂದು ಪ್ಯಾಕೆಟ್ ಕೂಡ ಉಳಿದಿಲ್ಲ. "ನಿಮ್ಮನೆಗೆ ಅಂತ ಇಟ್ಟಿರ್ತೀರಲ್ಲ ಆಂಟಿ, ಅದರಲ್ಲಿ ಸ್ವಲ್ಪ ಕೊಡಿ" ಅಂತ ಕೇಳಿದವರಿದ್ದಾರೆ. ನಮ್ಮನೆಯಲ್ಲೂ ಇಲ್ಲ.

ಮುಂದಿನ ವರ್ಷ ಮಾಡ್ತೇವೆ ಅಂತ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಯಾವುದು ಬದಲಾದರೆ ಮತ್ತೆ ಮಾಡಬಹುದು ಅನ್ನುವುದನ್ನು ಕೊನೆಯಲ್ಲಿ ಬರೆದಿದ್ದೇನೆ.

ಕಾರಣ ಏನು? ತೆಂಗಿನೆಣ್ಣೆ ರೇಟಾ?

ಎಣ್ಣೆ ರೇಟು ದೊಡ್ಡ ಪೆಟ್ಟು ಕೊಟ್ಟಿದ್ದು ನಿಜ. ಆದರೆ ಮುಖ್ಯ ಕಾರಣ ಅದಲ್ಲ. ಮುಖ್ಯ ಕಾರಣ ಕಾಯಿ. ಚಿಪ್ಸಿಗೆ ಬೇಕಾದ ಹದದ ಹಲಸಿನಕಾಯಿ ನಮಗೆ ಸಿಗುತ್ತಿಲ್ಲ.

"ಕೊಡಗಿನಲ್ಲಿ ಹಲಸಿಗೆ ಬರವಾ?" ಅಂತ ಕೇಳ್ತೀರಿ. ಬರ ಇಲ್ಲ. ತೋಟದ ತುಂಬ ಹಲಸಿದೆ, ಕಾಫಿಗೆ ನೆರಳು ಕೊಡುವುದೇ ಅದು. ಆದರೆ ಒಂದು ಹಲಸಿನಕಾಯಿ ಚಿಪ್ಸಿಗೆ ಹೊಂದುವುದು ಅದರ ಇಡೀ ಬೆಳವಣಿಗೆಯಲ್ಲಿ ಹತ್ತು ಹದಿನೈದು ದಿನ ಮಾತ್ರ. ಅದಕ್ಕಿಂತ ಮುಂಚೆ ಕೊಯ್ದರೆ ತೊಳೆ ತೆಳ್ಳಗೆ, ನೀರು ಜಾಸ್ತಿ. ಕರಿದರೆ ಮುದುಡಿಕೊಂಡು ಚರ್ಮದ ಹಾಗೆ ಆಗುತ್ತದೆ. ತಡವಾದರೆ ಒಳಗೆ ಸಿಹಿ ಕೂತುಬಿಡುತ್ತದೆ. ಸಿಹಿ ಬಂದ ತೊಳೆಯನ್ನು ಬಾಣಲೆಗೆ ಹಾಕಿದರೆ ಒಳಗಿನ ನೀರು ಹೋಗುವ ಮೊದಲೇ ಹೊರಗೆ ಕೆಂಪಗಾಗುತ್ತದೆ. ಕೆಂಪಾಯ್ತಲ್ಲ ಅಂತ ತೆಗೆದರೆ ಮೆತ್ತಗೆ ಉಳಿಯುತ್ತದೆ, ಗರಿಗರಿ ಆಗಲಿ ಅಂತ ಬಿಟ್ಟರೆ ಕಹಿಯಾಗುತ್ತದೆ. ಬೆಂಕಿ ಸಣ್ಣ ಮಾಡಿ ನೋಡಿದ್ದೇವೆ. ಆಗ ಎಣ್ಣೆ ಕುಡಿಯುತ್ತದೆ. ಅದಕ್ಕೆ ಮದ್ದಿಲ್ಲ.

ಜೊತೆಗೆ ಬಕ್ಕೆ ಹಲಸೇ ಆಗಬೇಕು. ಅದರ ತೊಳೆ ಗಟ್ಟಿ ಇರುತ್ತದೆ. ಹಣ್ಣಾದಾಗ ಲೋಳೆಯಾಗುವ ಜಾತಿಯ ಹಲಸು ತಿನ್ನಲು ರುಚಿ, ಹಲಸಿನ ಹಣ್ಣಿನ ಕಡುಬಿಗೂ ರುಚಿ, ಆದರೆ ಚಿಪ್ಸ್ ಮಾಡಿದರೆ ಆ ಗರಿ ಬರುವುದಿಲ್ಲ. ಮರ ನೋಡಿ ಜಾತಿ ಗೊತ್ತಾಗುವುದಿಲ್ಲ. ಆ ಮರದ ಹಣ್ಣನ್ನು ಹಿಂದಿನ ವರ್ಷ ತಿಂದವರು ಹೇಳಬೇಕು, "ಇದು ಬಕ್ಕೆ" ಅಂತ. ನಮ್ಮ ಹತ್ತಿರ ಹಾಗೆ ಗುರುತಿಟ್ಟುಕೊಂಡ ನಲವತ್ತಕ್ಕೂ ಜಾಸ್ತಿ ಮರ ಇದ್ದವು. ಸುಂಟಿಕೊಪ್ಪದ ಸುತ್ತಮುತ್ತ, ಸಿದ್ದಾಪುರದ ಕಡೆ, ಅಮ್ಮತ್ತಿ ಕಡೆ. ಯಾವ ಮರದ ಕಾಯಿ ಏಪ್ರಿಲ್ ಮೊದಲ ವಾರಕ್ಕೆ, ಯಾವುದು ಮೇಗೆ ಅಂತ ನಮ್ಮ ಯಜಮಾನರು ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ನೋಟ್ ಬುಕ್ಕೇ ನಮ್ಮ ಬಂಡವಾಳ. ಈಗ ಅದರಲ್ಲಿ ಕೊಯ್ಯಲು ಸಿಗುವ ಮರ ಒಂಬತ್ತು.

ಉಳಿದ ಮರ ಏನಾದವು?

ಕೆಲವು ಬಿದ್ದವು, ಕೆಲವನ್ನು ತೆಗೆದು ಸಿಲ್ವರ್ ಓಕ್ ಹಾಕಿದರು. ಆದರೆ ಹೆಚ್ಚಿನ ಮರ ಇನ್ನೂ ಇದ್ದ ಜಾಗದಲ್ಲೇ ಇವೆ. ಕಾಯಿಯನ್ನು ಮಾತ್ರ ಬೆಳೆಯಲು ಬಿಡುವುದಿಲ್ಲ. ಆನೆ ಕಾರಣ.

ಸಿದ್ದಾಪುರ, ಅಮ್ಮತ್ತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳ್ತೇನೆ. ಹಲಸು ಬಲಿತು ವಾಸನೆ ಬರತೊಡಗಿದರೆ ಕಾಡಾನೆ ತೋಟಕ್ಕೆ ಬರುತ್ತದೆ. ಒಂದು ಸಲ ರುಚಿ ನೋಡಿದ ಗುಂಪು ಅದೇ ಮರಕ್ಕೆ ಮತ್ತೆ ಬರುತ್ತದೆ. ಬಂದ ದಾರಿಯಲ್ಲಿ ಕಾಫಿ ಗಿಡ ಮುರಿಯುತ್ತದೆ, ನೀರಿನ ಪೈಪು ತುಳಿಯುತ್ತದೆ. ಅದೆಲ್ಲ ಹೋಗಲಿ. ಬೆಳಿಗ್ಗೆ ಏಳು ಗಂಟೆಗೆ ಕೆಲಸಗಾರರ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಬರುವವರ ಎದುರಿಗೆ ಆನೆ ನಿಂತಿದ್ದರೆ ಏನು ಗತಿ? ಅದಕ್ಕೇ ತೋಟದವರು ಕಾಯಿ ಇನ್ನೂ ಎಳೆಯದಾಗಿರುವಾಗಲೇ, ಫೆಬ್ರವರಿ ಮಾರ್ಚಿನಲ್ಲೇ, ಎಲ್ಲವನ್ನೂ ಕೊಯ್ದು ಕೆಳಗೆ ಹಾಕಿಸುತ್ತಾರೆ. ನಮಗೆ ಹತ್ತು ವರ್ಷ ಕಾಯಿ ಕೊಟ್ಟ ಒಬ್ಬರು ಹೀಗೆ ಹೇಳಿದರು: "ಅಕ್ಕ, ನಿಮ್ಮ ಚಿಪ್ಸಿಗೋಸ್ಕರ ಇನ್ನು ಒಂದು ತಿಂಗಳು ಬಿಡಬಹುದು. ಆದರೆ ಆ ತಿಂಗಳು ನನಗೆ ನಿದ್ದೆ ಇಲ್ಲ." ಅವರು ಮಾಡುತ್ತಿರುವುದು ಸರಿ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ. ಕಾಯಿ ಬಿಡಿ ಅಂತ ಅವರನ್ನು ಇನ್ನೊಮ್ಮೆ ಕೇಳಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ತೊಂದರೆ ಮರ ಹತ್ತುವವರದ್ದು. ಹಲಸಿನ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿಗೆ ಪೆಟ್ಟಾಗದ ಹಾಗೆ ಹತ್ತಬೇಕು, ಕಾಯಿಗೆ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಬೇಕು. ಮೇಲಿಂದ ಬೀಳಿಸಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ತೊಳೆಗೆ ಏಟು ಬಿದ್ದು ಸಂಜೆಯೊಳಗೆ ಕಂದಾಗುತ್ತದೆ. ಹಾಗೆ ನಾಜೂಕಾಗಿ ಇಳಿಸುವವರು ನಮಗೆ ಇಬ್ಬರಿದ್ದರು. ಒಬ್ಬರಿಗೆ ವಯಸ್ಸಾಯಿತು. ಇನ್ನೊಬ್ಬರು ಮೆಣಸು ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿ ಕೂಲಿ ಚೆನ್ನಾಗಿದೆ.

ಇಷ್ಟು ವರ್ಷ ನಡೀತಲ್ಲ, ಈ ವರ್ಷವೇ ಯಾಕೆ?

ಈ ವರ್ಷದ ಒಂದು ದಿನದ ಲೆಕ್ಕ ಹೇಳ್ತೇನೆ, ಅದರಲ್ಲೇ ಉತ್ತರ ಇದೆ.

ಮೇ ಎರಡನೇ ವಾರ. ಮೂರು ತೋಟದಿಂದ 14 ಕಾಯಿ ತಂದೆವು. ಎಲ್ಲ ಸೇರಿ 126 ಕೆಜಿ. ಹೊರಗಿಂದ ನೋಡಿದರೆ 14 ಕಾಯಿಯೂ ಚೆನ್ನಾಗಿದ್ದವು. ಮುಳ್ಳು ಬಿಡಿಬಿಡಿಯಾಗಿ ಅಗಲವಾಗಿದ್ದವು, ತಟ್ಟಿದರೆ ಗಟ್ಟಿ ಸದ್ದು. ಕೈಗೆ ಎಣ್ಣೆ ಹಚ್ಚಿಕೊಂಡು ಕೂತು ಸೀಳಿದರೆ ಆರು ಕಾಯಿಯೊಳಗೆ ಆಗಲೇ ಹಳದಿ ಇಳಿದಿತ್ತು. ಒಂದೇ ಕಾಯಿಯಲ್ಲಿ ಅರ್ಧ ಬಿಳಿ, ಅರ್ಧ ಹಳದಿ. ಅದಕ್ಕೆ ಮುಂಚಿನ ವಾರ ಮಳೆ ಜಾಸ್ತಿ ಬಿದ್ದಿತ್ತು. ಮಳೆ ಬಿದ್ದ ಮೇಲೆ ಕಾಯಿ ಒಳಗೇ ತಿರುಗಿಬಿಡುತ್ತದೆ, ಹೊರಗಿನ ಗುರುತು ಸುಳ್ಳಾಗುತ್ತದೆ ಅನ್ನುವುದು ನಮ್ಮ ಅನುಭವ.

ಉಳಿದದ್ದು ಎಂಟು ಕಾಯಿ. ಅದರಿಂದ ನಾರು, ಬೀಜ, ನಡುವಿನ ದಿಂಡು ತೆಗೆದ ಮೇಲೆ ಸಿಕ್ಕಿದ್ದು 22 ಕೆಜಿ ತೊಳೆ. 22 ಕೆಜಿ ತೊಳೆ ಕರಿದರೆ 8 ಕೆಜಿ ಚಿಪ್ಸ್. ಉಳಿದದ್ದೆಲ್ಲ ನೀರು, ಆವಿಯಾಗಿ ಹೋಗುತ್ತದೆ. ಖರ್ಚು ಕೇಳಿ: ಕಾಯಿಗೆ 840, ಜೀಪಿಗೆ 1200, ನಾಲ್ಕು ಜನರ ಕೂಲಿ 2000, ಗ್ಯಾಸಿಗೆ 600, ಪ್ಯಾಕೆಟ್ ಮತ್ತು ಲೇಬಲಿಗೆ 300. ಎಣ್ಣೆ ಏಳು ಲೀಟರ್, ಅದರಲ್ಲಿ ಮೂರು ಲೀಟರ್ ಚಿಪ್ಸ್ ಕುಡಿದದ್ದು, ನಾಲ್ಕು ಲೀಟರ್ ಕರಿದ ಮೇಲೆ ತೆಗೆದಿಟ್ಟದ್ದು. ಲೀಟರಿಗೆ 340ರ ಹಾಗೆ 2380. ಒಟ್ಟು 7320 ರೂಪಾಯಿ. 8 ಕೆಜಿ ಅಂದರೆ 200 ಗ್ರಾಮಿನ 40 ಪ್ಯಾಕೆಟ್. ಒಂದಕ್ಕೆ 140ರ ಹಾಗೆ ಮಾರಿದರೆ 5600. ಒಂದು ದಿನಕ್ಕೆ 1720 ಕೈಯಿಂದ ಹೋಯ್ತು. ನಮ್ಮ ಮನೆಯವರ ದುಡಿಮೆ ಇದರಲ್ಲಿ ಸೇರಿಲ್ಲ.

ಅದೇ 14 ಕಾಯಿಯೂ ಹದವಾಗಿದ್ದಿದ್ದರೆ? ಲೆಕ್ಕ ಹಾಕಿದ್ದೇನೆ. 14 ಕೆಜಿ ಚಿಪ್ಸ್ ಬರುತ್ತಿತ್ತು, ಎಣ್ಣೆ ಕೂಲಿ ಸ್ವಲ್ಪ ಹೆಚ್ಚಾದರೂ ಸಾವಿರ ರೂಪಾಯಿ ಉಳಿಯುತ್ತಿತ್ತು. ಎಣ್ಣೆ ಇಷ್ಟು ದುಬಾರಿ ಇರುವಾಗಲೂ ಉಳಿಯುತ್ತಿತ್ತು. ಕಾಯಿಯೇ ಮುಖ್ಯ ಕಾರಣ ಅಂದಿದ್ದು ಇದಕ್ಕೆ.

ಆಮೇಲೆ ಮುಂಗಾರು ಬಂತು. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು, ವಾಡಿಕೆಗಿಂತ ಒಂದು ವಾರ ಮೊದಲು. ಇಲ್ಲಿ ಮೇ ಕೊನೆಯ ವಾರ ಪೂರ್ತಿ ಸುರಿಯಿತು. ನಮಗೆ ಸಾಮಾನ್ಯವಾಗಿ ಮೇ ಕೊನೆಯ ಎರಡು ವಾರದ ಕಾಯಿಯಿಂದಲೇ ಜೂನ್, ಜುಲೈ ತಿಂಗಳ ಆರ್ಡರ್ ತುಂಬುತ್ತಿತ್ತು. ಆ ಎರಡು ವಾರ ಹೋಯಿತು. ಆಗಲೇ ಮನೆಯವರೆಲ್ಲ ಕೂತು ಮಾತಾಡಿ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆವು.

ರೇಟ್ ಜಾಸ್ತಿ ಮಾಡಿ, ನಾವು ಕೊಡ್ತೇವೆ ಅಂದರೆ?

ಹೀಗೆ ಹೇಳಿದವರು ತುಂಬ ಜನ. ನಿಮ್ಮ ಪ್ರೀತಿ ಅದು, ನನಗೆ ಗೊತ್ತು. 200 ಗ್ರಾಮಿಗೆ 240 ಇಟ್ಟರೆ ಕೆಟ್ಟ ದಿನದಲ್ಲೂ ನಷ್ಟ ಆಗುವುದಿಲ್ಲ. ಆದರೆ ದುಡ್ಡು ಜಾಸ್ತಿ ಕೊಟ್ಟರೂ ಹದವಾದ ಕಾಯಿ ಮರದಲ್ಲಿ ಇರುವುದಿಲ್ಲವಲ್ಲ. ಹತ್ತು ಜನಕ್ಕೆ ಕೊಟ್ಟು ನೂರು ಜನಕ್ಕೆ ಇಲ್ಲ ಅನ್ನುವ ಹಾಗಾಗುತ್ತದೆ. ಮತ್ತೆ, ಮಡಿಕೇರಿ ಶುಕ್ರವಾರದ ಸಂತೆಗೆ ಬಂದು ಹೋಗುವಾಗ ಮಕ್ಕಳಿಗೆ ಅಂತ ಒಂದು ಪ್ಯಾಕೆಟ್ ತಗೊಂಡು ಹೋಗುತ್ತಿದ್ದವರು 240 ಕೊಡುವುದು ಹೇಗೆ? ಅವರೂ ಮೊದಲ ದಿನದಿಂದ ನಮ್ಮ ಗಿರಾಕಿಗಳೇ.

ಪಾಮ್ ಎಣ್ಣೆಯಲ್ಲಿ ಕರಿದರೆ ಖರ್ಚು ಕಡಿಮೆ ಆಗಲ್ವಾ?

ಆಗುತ್ತದೆ. 2024ರ ಶುರುವಿನಲ್ಲಿ ತೆಂಗಿನೆಣ್ಣೆಗೆ ನಾವು ಲೀಟರಿಗೆ 200ರ ಒಳಗೇ ಕೊಡುತ್ತಿದ್ದೆವು. 2025ರ ಮೇಗೆ 340 ಆಯ್ತು, ಜುಲೈಗೆ 400 ದಾಟಿತು. ಪಾಮ್ ಎಣ್ಣೆ ಆಗ ಅದರ ಅರ್ಧಕ್ಕೂ ಕಡಿಮೆ ಇತ್ತು. ಒಂದು ಸಲ ಮನೆಯಲ್ಲಿ ಮಾಡಿ ನೋಡಿದೆವು. ಗರಿಗರಿ ಬಂತು, ಬಣ್ಣ ಬಂತು, ನೋಡಲು ಏನೂ ವ್ಯತ್ಯಾಸ ಇಲ್ಲ. ಬಾಯಿಗೆ ಹಾಕಿದರೆ ಮಾತ್ರ ಅದು ಹಲಸು ಅಂತಲೇ ಗೊತ್ತಾಗಲಿಲ್ಲ. ಹಲಸಿನಕಾಯಿಗೆ ತನ್ನದೇ ರುಚಿ ತುಂಬ ಕಡಿಮೆ. ನೀವು "ನಿಮ್ಮ ಚಿಪ್ಸಿನ ರುಚಿ" ಅಂತ ಹೇಳುತ್ತಿದ್ದದ್ದರಲ್ಲಿ ಅರ್ಧ ತೆಂಗಿನೆಣ್ಣೆಯದು. ಚಿಪ್ಸಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ, ಅದನ್ನು ಬದಲಿಸಿದರೆ ತಿಂಡಿಯೇ ಬೇರೆ. ಅದೇ ಹೆಸರಿನಲ್ಲಿ ಅದನ್ನು ನಿಮಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ಅದೇ ಎಣ್ಣೆಯನ್ನು ಇನ್ನೂ ಹೆಚ್ಚು ಸಲ ಬಳಸಿ ಉಳಿಸುವ ದಾರಿಯೂ ಬೇಡ. ಪದೇ ಪದೇ ಕಾದ ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಳೆಯಲು ಪೋಲಾರ್ ಕಾಂಪೌಂಡ್ ಅಂತ ಒಂದು ಲೆಕ್ಕ ಇದೆ. ಅದು ನೂರಕ್ಕೆ 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ 2018ರಿಂದ ಕಾನೂನೇ ಇದೆ. ಹಲಸು ಕರಿದ ಎಣ್ಣೆ ಬಾಳೆಕಾಯಿ ಕರಿದ ಎಣ್ಣೆಗಿಂತ ಬೇಗ ಕೆಡುತ್ತದೆ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

2024ರ ಜುಲೈನಲ್ಲಿ ಒಂದು ಪ್ಯಾಕೆಟ್ ಸೋಪಿನ ಹಾಗೆ ಇತ್ತು. ಏನಾಗಿತ್ತು?

ಇದನ್ನು ಕೇಳಿದವರು ಮೂರು ಜನ. ಕೇಳದೆ ಸುಮ್ಮನಾದವರು ಇನ್ನೂ ಇರಬಹುದು. ತಪ್ಪು ನಮ್ಮದೇ. ಅವರಿಗೆಲ್ಲ ದುಡ್ಡು ವಾಪಸ್ ಕೊಟ್ಟಿದ್ದೇವೆ. ನಿಮಗೂ ಹಾಗೆ ಆಗಿದ್ದರೆ ಈಗಲೂ ಹೇಳಿ.

ಆಗಿದ್ದು ಹೀಗೆ. ತೆಂಗಿನೆಣ್ಣೆ ಗಾಳಿ ತಾಗಿ ಕಮಟು ಹಿಡಿಯುವುದು ನಿಧಾನ, ಬೇರೆ ಎಣ್ಣೆಗಿಂತ ಆ ವಿಷಯದಲ್ಲಿ ಒಳ್ಳೆಯದು. ಆದರೆ ಅದಕ್ಕೆ ನೀರು ಆಗುವುದಿಲ್ಲ. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಸಾಮಾನ್ಯವಾಗಿ ಅದು ಕೊಬ್ಬಿಗೆ ಅಂಟಿಕೊಂಡೇ ಇರುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ. ನೀರಿನ ಜೊತೆ ಬಿಸಿ ಸೇರಿದರೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುತ್ತದೆ. ಹಾಗೆ ಬಿಡಿಯಾದ ಲಾರಿಕ್ ಆಮ್ಲಕ್ಕೇ ಆ ಸೋಪಿನ ರುಚಿ. ಹಲಸಿನ ತೊಳೆಯಲ್ಲಿ ಬಾಳೆಕಾಯಿಗಿಂತ ನೀರು ಜಾಸ್ತಿ. ಅಂದರೆ ಪ್ರತಿ ಸಲ ಕರಿಯುವಾಗಲೂ ಎಣ್ಣೆಗೆ ಅಷ್ಟು ನೀರು ಸಿಗುತ್ತದೆ. 2024ರಲ್ಲಿ ಒಂದು ದಿನ ಎಣ್ಣೆ ಬದಲಿಸಬೇಕಾದ ಹೊತ್ತಿಗೆ ಬದಲಿಸದೆ ಇನ್ನೂ ಎರಡು ಸಲ ಕರಿದೆವು. ಕರಿದ ದಿನ ರುಚಿಯಲ್ಲಿ ಏನೂ ಗೊತ್ತಾಗಲಿಲ್ಲ. ಆ ಪ್ಯಾಕೆಟ್‌ಗಳು ಮಳೆಗಾಲದ ತೇವದಲ್ಲಿ ಆರು ವಾರ ಕೂತವು, ಆಮೇಲೆ ಗೊತ್ತಾಯಿತು. ಅದಕ್ಕೇ ಈ ವರ್ಷ ಎಣ್ಣೆಯನ್ನು ಬೇಗ ಬೇಗ ಬದಲಿಸಿದೆವು. ಮೇಲಿನ ಲೆಕ್ಕದಲ್ಲಿ ತೆಗೆದಿಟ್ಟ ನಾಲ್ಕು ಲೀಟರ್ ಇದೇ.

ಸೀಸನ್ನಿನಲ್ಲಿ ತೊಳೆ ಬಿಡಿಸಿ ಫ್ರೀಜರಿನಲ್ಲಿ ಇಡಬಹುದಲ್ವಾ? ಮೆಷಿನ್ ಇದೆಯಂತೆ?

ಫ್ರೀಜರಿನಲ್ಲಿಟ್ಟು ಮಾಡಿದೆವು. ಐಸ್ ಕಟ್ಟುವಾಗ ತೊಳೆಯ ಒಳಗಿನ ಗಟ್ಟಿತನ ಒಡೆದುಹೋಗುತ್ತದೆ. ನಮ್ಮ ಬಾಣಲೆಯಲ್ಲಿ ಎಣ್ಣೆ ಹೆಚ್ಚು ಕುಡಿಯಿತು, ಸಿಡಿತವೂ ಜಾಸ್ತಿ, ಕರಿಯುತ್ತಿದ್ದ ಅಕ್ಕನ ಕೈಗೆ ಬೊಬ್ಬೆ ಬಂತು. ಅಲ್ಲಿಗೇ ಬಿಟ್ಟೆವು.

ಮೆಷಿನ್ ಅಂದರೆ ವ್ಯಾಕ್ಯೂಮ್ ಫ್ರೈಯರ್. ಒಳಗಿನ ಗಾಳಿ ಎಳೆದುಬಿಡುವುದರಿಂದ ನೀರು ಕಡಿಮೆ ಬಿಸಿಯಲ್ಲೇ ಆವಿಯಾಗುತ್ತದೆ. ನೂರು ಡಿಗ್ರಿ ಆಸುಪಾಸಿನಲ್ಲೇ ಕರಿಯಬಹುದು, ಹಾಗಾಗಿ ಸಿಹಿ ಇರುವ ಹಣ್ಣಿನ ತೊಳೆಯೂ ಸೀಯುವುದಿಲ್ಲ. ಒಳ್ಳೆಯ ಯಂತ್ರವೇ. ಆದರೆ ಲಕ್ಷಗಟ್ಟಲೆ ಬೆಲೆ, ಮತ್ತೆ ಅದರಲ್ಲಿ ಬರುವುದು ಸಿಹಿ ಹಣ್ಣಿನ ಚಿಪ್ಸ್. ನೀವು ಕೇಳುತ್ತಿರುವ, ಉಪ್ಪು ಹಾಕಿದ ಹಲಸಿನಕಾಯಿ ಚಿಪ್ಸ್ ಅಲ್ಲ.

ಸರಿ, ಬದಲಿಗೆ ಏನಿದೆ?

ಎರಡಿವೆ. ಯಾವುದೂ ಅದರ ಹಾಗೇ ಇರುತ್ತದೆ ಅಂತ ಹೇಳುವುದಿಲ್ಲ.

ಮೊದಲನೆಯದು ನೇಂದ್ರ ಬಾಳೆಕಾಯಿ ಚಿಪ್ಸ್. ಅದೇ ತೆಂಗಿನೆಣ್ಣೆ, ಅದೇ ಬಾಣಲೆ. ಬಾಳೆ ವರ್ಷವಿಡೀ ಸಿಗುತ್ತದೆ, ಗೊನೆ ನೋಡಿದರೆ ಹದ ಗೊತ್ತಾಗುತ್ತದೆ, ಒಂದು ಗೊನೆ ಕೈಕೊಟ್ಟರೆ ಹಾಳಾಗುವುದು ಅದೊಂದೇ. ನಾವು ಈಗ ಎರಡು ತರ ಮಾಡುತ್ತೇವೆ. ಒಂದು ಎಲ್ಲರೂ ನೋಡಿರುವ ದುಂಡು. ಇನ್ನೊಂದು ಹಲಸಿನ ಚಿಪ್ಸ್ ಇಷ್ಟ ಇದ್ದವರಿಗೋಸ್ಕರ ಉದ್ದಕ್ಕೆ ಪಟ್ಟಿಯ ಹಾಗೆ ಹೆಚ್ಚಿದ್ದು, ಅರಿಶಿನ ಕಡಿಮೆ, ಸ್ವಲ್ಪ ದಪ್ಪ. ಕಡಿಯುವಾಗಿನ ಆ ಗಟ್ಟಿ ಗರಿ ಇದರಲ್ಲಿ ಬರುತ್ತದೆ. ಹಳೆ ಗಿರಾಕಿಗಳಲ್ಲಿ ಹೆಚ್ಚಿನವರು ಈ ಪಟ್ಟಿ ಚಿಪ್ಸಿಗೆ ಒಗ್ಗಿಕೊಂಡಿದ್ದಾರೆ. ಒಂದು ವಿಷಯ ಗಮನ ಇರಲಿ, ಓಣಂ ಮುಂಚೆ ನೇಂದ್ರ ರೇಟು ಏರುತ್ತದೆ. ಆ ತಿಂಗಳು ಪ್ಯಾಕೆಟಿಗೆ ಹತ್ತು ರೂಪಾಯಿ ಹೆಚ್ಚಾಗಬಹುದು.

ಎರಡನೆಯದು ಹಲಸಿನ ಹಪ್ಪಳ. ಹಲಸಿನದ್ದೇ ರುಚಿ ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಬಲಿತ ಕಾಯಿಯ ತೊಳೆಯನ್ನು ಆವಿಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಕುಟ್ಟಿ, ಒತ್ತಿ, ಬಿಸಿಲಿಗೆ ಹಾಕುವುದು. ಇದಕ್ಕೂ ಹಲಸಿನಕಾಯಿಯೇ ಬೇಕು, ಆದರೆ ಅಷ್ಟು ನಾಜೂಕಿನ ಹದ ಬೇಡ. ಚಿಪ್ಸಿಗೆ ಆಗದ ಆ ಆರು ಕಾಯಿ ಇತ್ತಲ್ಲ, ಅದರಲ್ಲಿ ಆಗಷ್ಟೇ ತಿರುಗುತ್ತಿದ್ದ ತೊಳೆಯನ್ನು ಹಪ್ಪಳಕ್ಕೆ ಹಾಕಿದೆವು. ಕರಿದಾಗ ಸ್ವಲ್ಪ ಕೆಂಪಗಾಗುತ್ತದೆ ಅಷ್ಟೇ, ಕುಟ್ಟಿ ತೆಳ್ಳಗೆ ಒಣಗಿಸಿರುವುದರಿಂದ ನಿಮಿಷದೊಳಗೆ ಕರಿದಾಗಿಬಿಡುತ್ತದೆ, ಸೀಯುವುದಿಲ್ಲ. ಎಣ್ಣೆ ನಿಮ್ಮನೆಯದು. ಡಬ್ಬಿಯಲ್ಲಿ ಗಾಳಿ ಆಡದ ಹಾಗೆ ಇಟ್ಟರೆ ಒಂದು ವರ್ಷ ಇರುತ್ತದೆ. ಈ ವರ್ಷ ಬಿಸಿಲು ಬೇಗ ಹೋದದ್ದರಿಂದ ಕಡಿಮೆ ಆಗಿದೆ, ಒಬ್ಬರಿಗೆ ಎರಡು ಕಟ್ಟು ಮಾತ್ರ ಕೊಡುತ್ತಿದ್ದೇವೆ.

ಮನೆಯಲ್ಲೇ ಮಾಡಿಕೊಳ್ಳಬಹುದಾ? ನಿಮ್ಮ ರೀತಿ ಹೇಳಿಕೊಡ್ತೀರಾ?

ಧಾರಾಳವಾಗಿ. ನಿಮ್ಮ ಹಿತ್ತಲಲ್ಲಿ ಒಂದು ಬಕ್ಕೆ ಮರ ಇದ್ದರೆ ನಮಗಿಂತ ಚೆನ್ನಾಗಿ ನೀವೇ ಮಾಡಬಹುದು, ಯಾಕೆಂದರೆ ನೀವು ದಿನಾ ಆ ಕಾಯಿ ನೋಡ್ತೀರಿ.

ಮುಳ್ಳು ಒತ್ತೊತ್ತಾಗಿದ್ದದ್ದು ಬಿಡಿಯಾಗಿ ಚಪ್ಪಟೆಯಾಗತೊಡಗಿದಾಗ, ತೊಟ್ಟಿನ ಹತ್ತಿರದ ಎಲೆ ಹಳದಿಯಾದಾಗ ಕೊಯ್ಯಿರಿ. ವಾಸನೆ ಬರಬಾರದು. ತಟ್ಟಿದರೆ ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ತಡವಾಯಿತು, ಹಣ್ಣಿಗೆ ಬಿಡಿ. ಕೊಯ್ದ ದಿನವೇ ಸೀಳಬೇಕು. ಮೇಣ ಅಂಟುತ್ತದೆ, ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ತೊಳೆ ಕೆನೆಬಣ್ಣ ಇರಬೇಕು, ಬೀಜದ ಸಿಪ್ಪೆ ಕಂದು ಬಂದಿರಬೇಕು. ಒಂದು ತೊಳೆ ಹಸಿಯಾಗಿಯೇ ಕಚ್ಚಿ ನೋಡಿ, ಸಿಹಿ ಇರಬಾರದು.

ತೊಳೆಯನ್ನು ನೀರಿನಲ್ಲಿ ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಉದ್ದಕ್ಕೆ ಒಂದೇ ಅಗಲದ ಪಟ್ಟಿಯಾಗಿ ಹೆಚ್ಚಿ. ಅಗಲ ಹೆಚ್ಚು ಕಡಿಮೆ ಆದರೆ ಸಣ್ಣದು ಸೀಯುತ್ತದೆ, ದೊಡ್ಡದು ಮೆತ್ತಗೆ ಉಳಿಯುತ್ತದೆ. ಬಾಣಲೆಯಲ್ಲಿ ಒಂದು ಲೀಟರ್ ಎಣ್ಣೆ ಇದ್ದರೆ ಒಂದು ಸಲಕ್ಕೆ ಎರಡು ಹಿಡಿ, ಅದಕ್ಕಿಂತ ಜಾಸ್ತಿ ಬೇಡ. ಮೊದಲು ಒಂದೇ ಪಟ್ಟಿ ಹಾಕಿ ನೋಡಿ. ಗುಳ್ಳೆ ನಿಲ್ಲುವ ಮೊದಲೇ ಅದು ಕೆಂಪಗಾದರೆ ಆ ಕಾಯಿ ಚಿಪ್ಸಿಗೆ ಆಗುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಪಲ್ಯ ಮಾಡಿ. ಎಣ್ಣೆಯಾದರೂ ಉಳಿಯುತ್ತದೆ.

ಕಾಯಿ ಸರಿ ಇದ್ದರೆ ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಮೊದಲು ಎಣ್ಣೆ ಜೋರಾಗಿ ನೊರೆಯುತ್ತದೆ, ಆಮೇಲೆ ಗುಳ್ಳೆ ಸಣ್ಣದಾಗುತ್ತದೆ. ಜಾಲರಿ ಸೌಟಿನಲ್ಲಿ ಕದಡಿದರೆ ಒಣ ಎಲೆಯ ಹಾಗೆ ಗಲಗಲ ಅನ್ನಬೇಕು. ಆ ಸದ್ದು ಬಂದ ಮೇಲೆ ಉಪ್ಪು ಅರಿಶಿನ ಕದಡಿದ ನೀರನ್ನು ಒಂದೇ ಚಮಚ, ದೂರ ನಿಂತು, ಎಣ್ಣೆಗೆ ಹಾಕಿ. ದೊಡ್ಡ ಸದ್ದಾಗಿ ಉಕ್ಕುತ್ತದೆ, ಮಕ್ಕಳು ಹತ್ತಿರ ಇರಬಾರದು. ಆ ಸದ್ದು ಪೂರ್ತಿ ನಿಂತ ಮೇಲೆಯೇ ತೆಗೆಯಿರಿ. ಭಯ ಆದರೆ ನೀರು ಬೇಡ, ತೆಗೆದ ಕೂಡಲೇ ನುಣ್ಣನೆ ಉಪ್ಪು ಉದುರಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಅದರದ್ದೇ ಆವಿಗೆ ಮೆತ್ತಗಾಗುತ್ತದೆ.

ಬೇರೆ ಅಂಗಡಿಯಲ್ಲಿ ತಗೊಳ್ಳುವುದಾದರೆ ಏನು ನೋಡಬೇಕು?

ಪ್ಯಾಕೆಟ್ ಹಿಂದೆ ಎಣ್ಣೆಯ ಹೆಸರು ಓದಿ. ಯಾವ ಎಣ್ಣೆ ಅಂತ ಬರೆಯಲೇಬೇಕು. ಪಾಮೊಲಿನ್ ಅಂತ ಇದ್ದರೆ ಅದು ಪಾಮ್ ಎಣ್ಣೆ. ಅದರಲ್ಲಿ ತಪ್ಪೇನಿಲ್ಲ, ಆದರೆ ತೆಂಗಿನೆಣ್ಣೆಯ ದರ ಕೊಡಬೇಡಿ. ಕರಿದ ತಾರೀಖು ನೋಡಿ. ಅಕ್ಟೋಬರ್, ನವೆಂಬರಿನಲ್ಲಿ "ಇವತ್ತು ಕರಿದದ್ದು" ಅಂದರೆ ಕಾಯಿ ಎಲ್ಲಿಯದು ಅಂತ ಕೇಳಿ, ನಮ್ಮ ಕಡೆ ಆಗ ಬಲಿತ ಹಲಸಿನಕಾಯಿ ಸಿಗುವುದು ಅಪರೂಪ. ಮತ್ತೆ, ನಮ್ಮ ಲೇಬಲ್ ಇರುವ ಹಲಸಿನ ಚಿಪ್ಸ್ ಈಗ ಎಲ್ಲಾದರೂ ಕಂಡರೆ ತಗೊಳ್ಳಬೇಡಿ. ಅದು ಹಳೆಯದು.

ಹೊಸ ಬಾಳೆ ಚಿಪ್ಸಿನ ಮೇಲೆ ಬಿಳಿ ಪುಡಿ ಇದೆ. ಬೂಷ್ಟಾ?

ಅಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಮಳೆಗಾಲದಲ್ಲೂ ಡಿಸೆಂಬರ್ ಚಳಿಯಲ್ಲೂ ಚಿಪ್ಸ್ ಮೇಲೆ ಬೆಳ್ಳಗೆ ಕಾಣುವುದು ಆ ಎಣ್ಣೆ. ಒಂದು ತುಂಡು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ, ಸ್ವಲ್ಪ ಹೊತ್ತಿಗೆ ಕರಗಿ ಹೋಗುತ್ತದೆ. ಕರಗದಿದ್ದರೆ, ಅಥವಾ ವಾಸನೆ ಇದ್ದರೆ, ತಿನ್ನಬೇಡಿ. ಫೋಟೋ ತೆಗೆದು ಕಳಿಸಿ.

ಮುಂಗಡ ಕೊಟ್ಟಿದ್ದೆವು. ಅದು?

ಪೂರ್ತಿ ವಾಪಸ್. ಮದುವೆಗೆ, ಮನೆ ಹೊಕ್ಕಲಿಗೆ ಅಂತ ದೊಡ್ಡ ಆರ್ಡರ್ ಕೊಟ್ಟಿದ್ದವರಿಗೆ ನಾವೇ ಫೋನ್ ಮಾಡಿದ್ದೇವೆ. ಇಬ್ಬರ ನಂಬರ್ ಬದಲಾಗಿದೆ, ಸಿಗುತ್ತಿಲ್ಲ. ನೀವು ಅವರಾಗಿದ್ದರೆ ದಯವಿಟ್ಟು ಅಂಗಡಿಗೆ ಫೋನ್ ಮಾಡಿ. ದುಡ್ಡಿನ ಬದಲು ಬಾಳೆ ಚಿಪ್ಸ್ ಬೇಕಾದರೂ ಆಗುತ್ತದೆ, ನಿಮ್ಮ ಇಷ್ಟ.

ಹಲಸು ಬಿಡಿಸುತ್ತಿದ್ದ ಅಕ್ಕಂದಿರು ಈಗ ಎಲ್ಲಿ?

ನಮ್ಮಲ್ಲೇ ಇದ್ದಾರೆ. ಹಲಸು ಇದ್ದದ್ದು ವರ್ಷದಲ್ಲಿ ಹತ್ತು ವಾರ. ಆ ಹತ್ತು ವಾರ ಈಗ ಬಾಳೆ ಮತ್ತು ಹಪ್ಪಳದ ಕೆಲಸ. ಯಾರನ್ನೂ ಬಿಡಿಸಿಲ್ಲ.

ಮತ್ತೆ ಶುರು ಮಾಡುವ ದಾರಿ ಇದೆಯಾ?

ಒಂದೇ ದಾರಿ. ಆನೆ ಓಡಾಟ ಇಲ್ಲದ ಕಡೆ, ಮನೆ ಹತ್ತಿರವೇ ಬಕ್ಕೆ ಮರ ಇರುವವರು, ಕಾಯಿಯನ್ನು ಏಪ್ರಿಲ್ ತನಕ ಬಿಡಲು ತೊಂದರೆ ಇಲ್ಲದವರು ನಮಗೆ ಹೇಳಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದಲೂ ಬಂದು ಕೊಯ್ದುಕೊಂಡು ಹೋಗುತ್ತೇವೆ. ಮಾರ್ಚಿನಲ್ಲಿ ಒಮ್ಮೆ ಬಂದು ಮರ ನೋಡುತ್ತೇವೆ, ಕಾಯಿಗೆ ದುಡ್ಡು ಆಗಲೇ ಕೊಡುತ್ತೇವೆ, ಒಳಗೆ ತಿರುಗಿದ್ದರೂ ವಾಪಸ್ ಕೇಳುವುದಿಲ್ಲ. ಇಪ್ಪತ್ತೈದು ಮರ ಸಿಕ್ಕಿದರೆ ಒಂದು ಸೀಸನ್ ಮಾಡಬಹುದು ಅಂತ ನಮ್ಮ ಯಜಮಾನರ ಲೆಕ್ಕ. ಇವತ್ತಿಗೆ ನೋಟ್ ಬುಕ್ಕಿನಲ್ಲಿ ಒಂಬತ್ತಿದೆ. ನಿಮ್ಮ ಮರದ ಹಣ್ಣು ತಿಂದಾಗ ತೊಳೆ ಗಟ್ಟಿ ಇತ್ತಾ, ಲೋಳೆ ಇತ್ತಾ ಅನ್ನುವುದನ್ನು ನೆನಪು ಮಾಡಿಕೊಂಡು ಫೋನ್ ಮಾಡಿ. ಬೆಳಿಗ್ಗೆ ಹತ್ತರ ಮೇಲೆ ಮಾಡಿ, ಅದಕ್ಕೆ ಮುಂಚೆ ಎಲ್ಲರ ಕೈಯಲ್ಲೂ ಎಣ್ಣೆ ಇರುತ್ತದೆ.